75 ಪೈಸೆ ಬಡ್ಡಿ ಅಂದ್ರೆ ನಿಜಕ್ಕೂ ಎಷ್ಟು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದಿರೋ ನಮಗೆ ಬಡ್ಡಿ ಅಂದ ಕೂಡಲೇ ಪರ್ಸೆಂಟ್ ನೆನಪಾಗೋದಿಲ್ಲ. ನಮ್ಮ ಊರುಗಳಲ್ಲಿ ಬಡ್ಡಿಯನ್ನು ರೂಪಾಯಿ ಲೆಕ್ಕದಲ್ಲೇ ಹೇಳ್ತಾರೆ. 'ನೂರಕ್ಕ ಎರಡು' ಅಂದ್ರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ 24 ಪರ್ಸೆಂಟ್. ಈ ಲೆಕ್ಕ ನಮ್ಮ ಅಜ್ಜಂದಿರಿಗೂ ಬಾಯಿಪಾಠ. ಸಾಲ ಕೊಡೋರಿಗೂ ಇದು ಗೊತ್ತು. ಅದಕ್ಕೇ ಬೈಕ್ ಸಾಲ ಮಾಡಿಸೋ ಹುಡುಗ ಅಪ್ಪನಿಗೆ ಹೇಳೋದು, "ಬರೇ 75 ಪೈಸಾ ಬಡ್ಡಿರೀ ಯಜಮಾನ್ರ, ವರ್ಷಕ್ಕ ಒಂಬತ್ತಷ್ಟ."

ಕೇಳಿದವರಿಗೆ ಊರಿನ ಸಾಲಕ್ಕಿಂತ ಅಗ್ಗ ಅನ್ನಿಸೋದು ಸಹಜ. ಆದರೆ ಅದೇ ಸಾಲದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದ್ರೆ ಕೆಎಫ್‌ಎಸ್ ಹಾಳೆಯಲ್ಲಿ 'ವಾರ್ಷಿಕ ಶೇಕಡಾವಾರು ದರ' ಅಥವಾ ಎಪಿಆರ್ ಅಂತ ಇನ್ನೊಂದು ಅಂಕಿ ಇರುತ್ತೆ. ಅದು 20 ದಾಟಿರಬಹುದು. ಎರಡೂ ಒಂದೇ ಸಾಲದ ಅಂಕಿ. ನಮ್ಮ ವಾದ ಇಷ್ಟೇ: ಸಹಿ ಹಾಕೋ ಮೊದಲು ಮನೆಯಲ್ಲಿ ಯಾರಾದರೂ ಒಬ್ಬರು ಎರಡನೇ ಅಂಕಿಯನ್ನು ತಾವೇ ಲೆಕ್ಕ ಹಾಕಿ ನೋಡಬೇಕು. ಎಂಜಿನಿಯರಿಂಗ್ ಓದೋ ಮಕ್ಕಳಿರೋ ಮನೆಯಲ್ಲಿ ಆ ಒಬ್ಬರು ನಾವೇ.

ಒಂದು ಲಕ್ಷ ರೂಪಾಯಿ ಸಾಲ, 24 ತಿಂಗಳು, 'ಒಂಬತ್ತು ಪರ್ಸೆಂಟ್' ಅಂತ ಇಟ್ಕೊಳ್ಳೋಣ. ವರ್ಷಕ್ಕೆ 9 ಸಾವಿರದ ಹಾಗೆ ಎರಡು ವರ್ಷಕ್ಕೆ ಬಡ್ಡಿ 18 ಸಾವಿರ. ಒಟ್ಟು 1,18,000 ರೂಪಾಯಿಯನ್ನು 24ರಿಂದ ಭಾಗಿಸಿದರೆ ತಿಂಗಳ ಕಂತು 4,917 ರೂಪಾಯಿ. ಇದಕ್ಕೆ ಫ್ಲಾಟ್ ದರ ಅಂತಾರೆ. ಮೊದಲ ತಿಂಗಳಿಂದಲೇ ನಾವು ಅಸಲು ತೀರಿಸ್ತಾ ಹೋಗ್ತೀವಿ, ಆದರೆ ಬಡ್ಡಿ ಮಾತ್ರ ಕೊನೆ ಕಂತಿನವರೆಗೂ ಪೂರ್ತಿ ಒಂದು ಲಕ್ಷದ ಮೇಲೇ ಬೀಳುತ್ತೆ. ಈ ಎರಡು ವರ್ಷದಲ್ಲಿ ಸರಾಸರಿ ನಮ್ಮ ಕೈಲಿ ಉಳಿದಿರೋ ಸಾಲ ಸುಮಾರು 55 ಸಾವಿರ ಅಷ್ಟೇ. ಬಾಕಿ ಇರೋ ಅಸಲಿಗೆ ಮಾತ್ರ ಬಡ್ಡಿ ಹಾಕಿ ಇದೇ ಕಂತು ಬರಬೇಕಂದ್ರೆ ದರ 16.43 ಪರ್ಸೆಂಟ್ ಆಗಬೇಕು. ಊರಿನ ಸಾಹುಕಾರ ಅಸಲು ತೀರಿದ ಹಾಗೆ ಬಡ್ಡಿ ಇಳಿಸ್ತಾನೆ. ಅವನ ಲೆಕ್ಕಕ್ಕೆ ತಂದು ಹೇಳೋದಾದ್ರೆ ಇದು ಮುಕ್ಕಾಲು ರೂಪಾಯಿ ಬಡ್ಡಿಯಲ್ಲ, ಒಂದು ರೂಪಾಯಿ 37 ಪೈಸೆ.

ಇನ್ನು ಕಡಿತದ ವಿಷಯ. ಪ್ರೊಸೆಸಿಂಗ್ ಶುಲ್ಕ 2,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 360, ಸಾಲದ ಜೊತೆಗೆ ಬರೋ ವಿಮೆ 1,640. ಒಟ್ಟು 4,000 ರೂಪಾಯಿ ಮೊದಲೇ ಮುರ್ಕೊಂಡು 96,000 ಮಾತ್ರ ಕೊಡ್ತಾರೆ. ಆದರೆ ಕಂತು ಒಂದು ಲಕ್ಷದ ಲೆಕ್ಕದಲ್ಲೇ ಇರುತ್ತೆ. ಎಪಿಆರ್ ಕೇಳೋ ಪ್ರಶ್ನೆ ಇದೇ: ಕೈಗೆ ಬಂದದ್ದು ಎಷ್ಟು, ಪ್ರತಿ ತಿಂಗಳು ಹೋಗೋದು ಎಷ್ಟು? ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನ ಒಂದು ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=RATE(24,-4917,96000)*12
```

ಮೊದಲನೇದು ಕಂತುಗಳ ಸಂಖ್ಯೆ, ಎರಡನೇದು ಕಂತು, ಮೂರನೇದು ಕೈಗೆ ಬಂದ ಹಣ. ಕಂತು ನಮ್ಮಿಂದ ಹೊರಗೆ ಹೋಗೋದರಿಂದ ಅದಕ್ಕೆ ಮೈನಸ್. ಅದನ್ನು ಮರೆತರೆ ಎರರ್ ಬರುತ್ತೆ. ಉತ್ತರ 0.2066, ಅಂದ್ರೆ 20.66 ಪರ್ಸೆಂಟ್. ಜಾಹೀರಾತಿನ 9ರಿಂದ ಇಲ್ಲಿವರೆಗಿನ ಅಂತರದಲ್ಲಿ ದೊಡ್ಡ ಪಾಲು ಫ್ಲಾಟ್ ಲೆಕ್ಕದ್ದು, ಉಳಿದ ನಾಲ್ಕು ಚಿಲ್ಲರೆ ಆ ನಾಲ್ಕು ಸಾವಿರದ್ದು. (ಮೂರನೇ ಸೆಮಿಸ್ಟರ್ ಗಣಿತದಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ನಮಗಂತೂ ಇನ್ನೊಂದಿಲ್ಲ.)

ಫಾರ್ಮುಲಾ ಸರಿಯಾಗಿದೆಯಾ ಅಂತ ಅನುಮಾನ ಇದ್ದರೆ ರಿಸರ್ವ್ ಬ್ಯಾಂಕಿನ ಉದಾಹರಣೆಯ ಮೇಲೇ ಪರೀಕ್ಷೆ ಮಾಡಿ. 2024ರ ಏಪ್ರಿಲ್ 15ರ ಸುತ್ತೋಲೆಯಲ್ಲಿ 20,000 ರೂಪಾಯಿ ಸಾಲ, 24 ತಿಂಗಳು, 15 ಪರ್ಸೆಂಟ್ ಬಡ್ಡಿ, 400 ರೂಪಾಯಿ ಶುಲ್ಕ, 970 ರೂಪಾಯಿ ಕಂತು ಅಂತ ಒಂದು ಲೆಕ್ಕ ಇದೆ. ಕೈಗೆ ಬರೋದು 19,600. ಅಲ್ಲಿ ಕೊಟ್ಟಿರೋ ಎಪಿಆರ್ 17.07. ಕಂತಿನ ಪೈಸೆಗಳನ್ನು ದುಂಡಗೆ ಮಾಡಿದ್ದರಿಂದ ನಿಮಗೆ ದಶಮಾಂಶದ ಅಂಕಿಗಳಲ್ಲಿ ಸ್ವಲ್ಪ ಆಚೀಚೆ ಬರಬಹುದು, ಅಷ್ಟೇ.

2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೊಡೋ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಈ ಸುತ್ತೋಲೆಯ ಪ್ರಕಾರವೇ ಕೆಎಫ್‌ಎಸ್ ಕೊಡಬೇಕು. ವಿಮೆಯಂಥ ಮೂರನೆಯವರ ಶುಲ್ಕವನ್ನು ಸಾಲ ಕೊಡೋರೇ ವಸೂಲಿ ಮಾಡಿದರೆ ಅದೂ ಎಪಿಆರ್ ಒಳಗೆ ಬರಬೇಕು. ಹಾಗಾಗಿ ನಿಮ್ಮ ಉತ್ತರ 20.66 ಬಂದು ಹಾಳೆಯಲ್ಲಿ 16.43 ಅಂತ ಇದ್ದರೆ, ಶುಲ್ಕವನ್ನು ಬಿಟ್ಟು ಲೆಕ್ಕ ಹಾಕಿದ್ದಾರೆ ಅಂತ ಅರ್ಥ. ಹಾಳೆಯಲ್ಲಿ 9 ಅಂತಲೇ ಇದ್ದರೆ ಫ್ಲಾಟ್ ದರವನ್ನೇ ತಂದು ಅಲ್ಲಿ ಕೂರಿಸಿದ್ದಾರೆ. ಇನ್ನೊಂದು ಸಾಧ್ಯತೆಯೂ ಇದೆ: ಹಾಳೆಯ ಲೆಕ್ಕ ಸರಿಯಾಗೇ ಇರುತ್ತೆ, ಆದರೆ ಕೌಂಟರಿನಲ್ಲಿ ಬೇರೆ ರಸೀದಿ ಹರಿದು ವಿಮೆ ಹಣ ನಗದು ತಗೋತಾರೆ. ಆಗ ಪಾಸ್‌ಬುಕ್‌ನಲ್ಲಿ ಜಮಾ ಆದ ಮೊತ್ತದಿಂದ ಆ ನಗದನ್ನೂ ಕಳೆದು ಲೆಕ್ಕ ಹಾಕಬೇಕು. ಕೆಎಫ್‌ಎಸ್‌ನಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕೋ ಹಾಗಿಲ್ಲ ಅಂತ ಅದೇ ಸುತ್ತೋಲೆ ಹೇಳುತ್ತೆ.

ಹಾಗಂತ ಎಪಿಆರ್ ಒಂದೇ ನೋಡಿ ತೀರ್ಮಾನ ಮಾಡೋಕೂ ಆಗಲ್ಲ. ಯಲ್ಲಮ್ಮನ ಜಾತ್ರೆಗೆ ಸವದತ್ತಿಯಲ್ಲಿ ಅಂಗಡಿ ಹಾಕೋರು ಇದೇ ಒಂದು ಲಕ್ಷವನ್ನು, ಇದೇ 9 ಪರ್ಸೆಂಟ್ ಫ್ಲಾಟ್ ಮತ್ತು ಇದೇ 4,000 ಕಡಿತಕ್ಕೆ, 12 ತಿಂಗಳಿಗೆ ತಗೊಂಡರು ಅಂದ್ಕೊಳ್ಳಿ. ಎಪಿಆರ್ 24 ದಾಟುತ್ತೆ, ಯಾಕಂದ್ರೆ ಆ ನಾಲ್ಕು ಸಾವಿರ ಒಂದೇ ವರ್ಷದ ಮೇಲೆ ಬಿತ್ತು. ಆದರೂ ಬಡ್ಡಿ ಅಂತ ಅವರು ಕಟ್ಟೋದು 9 ಸಾವಿರ, ಬೈಕ್ ಸಾಲದವರ ಅರ್ಧ. ಅದಕ್ಕೆ ಒಂದೇ ಅವಧಿಯ ಎರಡು ಸಾಲಗಳನ್ನು ಹೋಲಿಸೋವಾಗ ಮಾತ್ರ ಎಪಿಆರ್ ನೆಚ್ಚಿಕೊಳ್ಳಬೇಕು. ಕಂತು ತಪ್ಪಿದಾಗಿನ ದಂಡ, ಮೊದಲೇ ಸಾಲ ಮುಚ್ಚಿದರೆ ಬೀಳೋ ಶುಲ್ಕ ಎಪಿಆರ್‌ನಲ್ಲಿ ಸೇರಿರಲ್ಲ. ಅವು ಅದೇ ಹಾಳೆಯಲ್ಲಿ ಬೇರೆ ಕಡೆ ಇರುತ್ತವೆ. ಕಬ್ಬಿನ ಬಿಲ್ ಬಂದ ಕೂಡಲೇ ಸಾಲ ತೀರಿಸಿಬಿಡೋಣ ಅನ್ನೋ ಕಿತ್ತೂರು ಕಡೆಯ ಮನೆಗಳು ಆ ಭಾಗವನ್ನು ಮೊದಲು ಓದಲಿ.

ನಮಗೆ ಸಿಟ್ಟು ಬರೋದು ಕ್ರಮದ ಬಗ್ಗೆ. ಅಪ್ಪ ಅಂಗಡಿಯಲ್ಲಿ ಬೈಕಿನ ಬಣ್ಣ ಆರಿಸೋವಾಗ ಕಾಣೋದು 9, ಸಹಿ ಹಾಕೋವಾಗ ಕಾಗದದ ರಾಶಿಯಲ್ಲಿ ಬರೋದು 20.66. ಅಷ್ಟೊತ್ತಿಗೆ ಮನಸ್ಸು ಬೈಕ್ ಹತ್ತಿ ಆಗಿರುತ್ತೆ. ಜಾಹೀರಾತಿನಲ್ಲಿ 9 ಎಷ್ಟು ದಪ್ಪ ಇದೆಯೋ ಎಪಿಆರ್ ಕೂಡ ಅಷ್ಟೇ ದಪ್ಪ ಇರಬೇಕು ಅನ್ನೋದು ನಮ್ಮ ಅಭಿಪ್ರಾಯ. ಅದು ಆಗೋವರೆಗೆ ಈಗಿರೋ ನಿಯಮವನ್ನಾದರೂ ಬಳಸೋಣ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲಕ್ಕೆ ಕೆಎಫ್‌ಎಸ್‌ನ ಷರತ್ತುಗಳು ಕನಿಷ್ಠ 3 ಕೆಲಸದ ದಿನ ಊರ್ಜಿತದಲ್ಲಿರಬೇಕು. 'ಇವತ್ತೇ ಸಹಿ ಹಾಕ್ರಿ' ಅಂದರೆ ಹಾಕಬೇಕಿಲ್ಲ, ಹಾಳೆಯ ಫೋಟೋ ಹಾಸ್ಟೆಲ್‌ಗೆ ಕಳಿಸೋಕೆ ಧಾರಾಳ ಟೈಮ್ ಇದೆ. ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲೇ ಅದನ್ನು ಬರೆದು ವಿವರಿಸಬೇಕು ಅಂತಲೂ ನಿಯಮ ಇದೆ. ರಾಮದುರ್ಗದ ನೇಕಾರರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಕನ್ನಡದ್ದು ಕೇಳೋದು ಅವರ ಹಕ್ಕು.

ನಮ್ಮ ಊರುಗಳಲ್ಲಿ ಓಣಿಗೊಂದರಂತೆ ಇರೋ ಪತ್ತಿನ ಸಹಕಾರ ಸಂಘಗಳು, ಸೌಹಾರ್ದಗಳು ರಿಸರ್ವ್ ಬ್ಯಾಂಕಿನ ಈ ಸುತ್ತೋಲೆಗೆ ಬರಲ್ಲ. ಅಲ್ಲಿ ಕೆಎಫ್‌ಎಸ್ ಸಿಗದೇ ಹೋಗಬಹುದು. ಕೈಗೆ ಎಷ್ಟು ಕೊಡ್ತೀರಿ, ಕಂತು ಎಷ್ಟು, ಎಷ್ಟು ತಿಂಗಳು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. RATE ಫಾರ್ಮುಲಾಗೆ ಬೇಕಾಗೋದು ಆ ಮೂರೇ ಅಂಕಿ.