‘ಹತ್ತಾರು ಅಧ್ಯಯನಗಳಲ್ಲಿ ಸಾಬೀತಾಗಿದೆ’ ಅಂದರೆ ಸಾಕೇ? ಬೆಳಗಾವಿಯಲ್ಲಿ ಪರೀಕ್ಷೆಗೆ ಒಳಪಟ್ಟ ಒಂದು ಇಂಜೆಕ್ಷನ್ ಕಥೆ

ನಿಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂತು ಅಂದುಕೊಳ್ಳಿ: “ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದರೆ ಈ ಒಂದು ಇಂಜೆಕ್ಷನ್ ಸಾಕು, ಮಗು ಉಳಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಅಧ್ಯಯನಗಳಲ್ಲಿ ಸಾಬೀತಾಗಿದೆ.” ಇದು ಸುಳ್ಳಲ್ಲ. ಆದರೆ ಇದನ್ನು ಇಷ್ಟಕ್ಕೇ ನಂಬಿ ಎಲ್ಲ ಹಳ್ಳಿಗಳಲ್ಲೂ ಜಾರಿ ಮಾಡಲು ಹೊರಟಾಗ ಏನಾಯಿತು ಎಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯೇ ಸಾಕ್ಷಿ.

ಯಾವುದು ಈ ಇಂಜೆಕ್ಷನ್?

ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್. ಅವಧಿಗೆ ಮೊದಲು ಹುಟ್ಟುವ ಮಗುವಿನ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಹೆರಿಗೆಗೆ ಮುನ್ನ ತಾಯಿಗೆ ಈ ಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಎಂಬ ವೈದ್ಯರು 1972ರಲ್ಲಿ ಇದನ್ನು ಮೊದಲು ತೋರಿಸಿದರು. ಆಮೇಲೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ನವಜಾತ ಶಿಶುಗಳ ಸಾವು ಕಡಿಮೆಯಾಗುವುದು ಸ್ಪಷ್ಟವಾಗಿ ಕಂಡಿತು. ಮದ್ದಿನ ಬೆಲೆಯೂ ಕಡಿಮೆ. ಹಾಗಿದ್ದರೆ ಹಳ್ಳಿ ಹಳ್ಳಿಗೂ ಕೊಡಬಹುದಲ್ಲ?

ಎಷ್ಟು ಅಧ್ಯಯನ ಎಂಬುದಕ್ಕಿಂತ ಎಷ್ಟು ಖಚಿತ ಎಂಬುದು ಮುಖ್ಯ

ಹಲವು ಅಧ್ಯಯನಗಳನ್ನು ಸೇರಿಸಿ ಶಿಫಾರಸು ಮಾಡುವಾಗ ವಿಶ್ವ ಆರೋಗ್ಯ ಸಂಸ್ಥೆಯಂಥ ಸಂಸ್ಥೆಗಳು ‘ಗ್ರೇಡ್’ ಎಂಬ ಪದ್ಧತಿ ಬಳಸುತ್ತವೆ. ಇದರಲ್ಲಿ ಪುರಾವೆಯ ಖಚಿತತೆಗೆ ನಾಲ್ಕು ಮೆಟ್ಟಿಲುಗಳಿವೆ: ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮದ್ದು ಕೊಟ್ಟು ಹೋಲಿಸಿದ ಅಧ್ಯಯನಗಳು ಮೇಲಿನ ಮೆಟ್ಟಿಲಿನಿಂದ ಶುರುವಾಗುತ್ತವೆ. ನಂತರ ಕೊರತೆ ಕಂಡಂತೆ ಕೆಳಗಿಳಿಸುತ್ತಾರೆ.

ಕೆಳಗಿಳಿಸಲು ಐದು ಕಾರಣಗಳಿವೆ. ಅಧ್ಯಯನ ನಡೆಸಿದ ರೀತಿಯಲ್ಲೇ ದೋಷವಿರುವುದು, ಒಂದು ಅಧ್ಯಯನದ ಫಲಿತಾಂಶಕ್ಕೂ ಇನ್ನೊಂದರದ್ದಕ್ಕೂ ತಾಳೆಯಾಗದಿರುವುದು, ಭಾಗವಹಿಸಿದವರ ಸಂಖ್ಯೆ ಸಾಲದೆ ಅಂದಾಜು ಸಡಿಲವಾಗಿರುವುದು, ಒಳ್ಳೆಯ ಫಲಿತಾಂಶಗಳು ಮಾತ್ರ ಪ್ರಕಟವಾಗಿರುವ ಅನುಮಾನ ಇವುಗಳಲ್ಲಿ ನಾಲ್ಕು. ಐದನೆಯದೇ ನಮ್ಮ ಕಥೆಗೆ ಬೇಕಾದದ್ದು: ಅಧ್ಯಯನ ನಡೆದ ಜನ ಮತ್ತು ಜಾಗ ಬೇರೆ, ನಾವು ಮದ್ದು ಕೊಡಹೊರಟ ಜನ ಮತ್ತು ಜಾಗ ಬೇರೆ.

ಸ್ಟೀರಾಯ್ಡಿನ ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ನಡೆದವು. ಈಗ ಲೋಂಡಾದ ಆಚೆಗಿನ ಕಾಡಂಚಿನ ಒಂದು ಹಳ್ಳಿಯನ್ನು ನೆನೆಸಿಕೊಳ್ಳಿ. ಗರ್ಭಿಣಿಗೆ ಎಷ್ಟು ವಾರ ಎಂಬುದಕ್ಕೆ ಕೊನೆಯ ಮುಟ್ಟಿನ ದಿನದ ನೆನಪೇ ಆಧಾರವಾಗಿರಬಹುದು. ಬೆಳಗಾವಿಯ ದೊಡ್ಡ ಆಸ್ಪತ್ರೆ ಸುಮಾರು ಐವತ್ತು ಕಿಲೋಮೀಟರ್ ದೂರ. ಮದ್ದು ಅದೇ ಇರಬಹುದು, ಆದರೆ ಅದರ ಸುತ್ತಲಿನ ವ್ಯವಸ್ಥೆ ಅದೇ ಅಲ್ಲ.

ಪರೀಕ್ಷಿಸಿದಾಗ ಕಂಡದ್ದು

ಈ ಸಂದೇಹವನ್ನು ಪರೀಕ್ಷಿಸಲು ಆರು ದೇಶಗಳಲ್ಲಿ ‘ಆಕ್ಟ್’ ಎಂಬ ಅಧ್ಯಯನ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರ ಕೇಂದ್ರಗಳು. ಒಟ್ಟು 102 ಪ್ರದೇಶಗಳನ್ನು ಆರಿಸಿ, ಅರ್ಧದಷ್ಟು ಕಡೆ ಸ್ಥಳೀಯ ಆರೋಗ್ಯ ಸಿಬ್ಬಂದಿಗೆ ಅವಧಿಪೂರ್ವ ಹೆರಿಗೆಯ ಸಾಧ್ಯತೆ ಗುರುತಿಸಿ ಸ್ಟೀರಾಯ್ಡ್ ಕೊಡಲು ತರಬೇತಿ ನೀಡಿದರು. ಉಳಿದ ಕಡೆ ಎಂದಿನ ಆರೈಕೆಯೇ ನಡೆಯಿತು. ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕ ಸಿಕ್ಕಿತು.

ಫಲಿತಾಂಶ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು. ತೀರಾ ಕಡಿಮೆ ತೂಕದ ಮಕ್ಕಳ ಗುಂಪಿನಲ್ಲಿ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ, ಎಂದಿನ ಆರೈಕೆಯ ಕಡೆ ಜೀವಂತ ಹುಟ್ಟಿದ 1000 ಶಿಶುಗಳಲ್ಲಿ ಸುಮಾರು 24 ಶಿಶುಗಳು 28 ದಿನದೊಳಗೆ ತೀರಿಕೊಂಡಿದ್ದರೆ, ತರಬೇತಿ ಕೊಟ್ಟ ಕಡೆ ಸುಮಾರು 27 ಶಿಶುಗಳು ತೀರಿಕೊಂಡಿದ್ದವು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು.

ಏಕೆ ಹೀಗಾಯಿತು? ಇಂಜೆಕ್ಷನ್ ಪಡೆದ ಹೆಚ್ಚಿನ ತಾಯಂದಿರ ಮಕ್ಕಳು ಅಷ್ಟು ಚಿಕ್ಕವಾಗಿರಲಿಲ್ಲ, ಅಂದರೆ ಅಗತ್ಯವಿಲ್ಲದವರಿಗೂ ಮದ್ದು ಹೋಗಿತ್ತು. ಸ್ಟೀರಾಯ್ಡ್ ದೇಹದ ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸಬಲ್ಲದು ಎಂಬುದೂ ಗೊತ್ತಿರುವ ಸಂಗತಿ. ಆದರೆ ಸಾವು ಹೆಚ್ಚಲು ಇವೇ ಕಾರಣ ಎಂದು ಈ ಒಂದೇ ಅಧ್ಯಯನದಿಂದ ತೀರ್ಮಾನಿಸಲು ಬರುವುದಿಲ್ಲ.

ಶಿಫಾರಸಿಗೆ ಷರತ್ತುಗಳು ಬಂದವು

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟೀರಾಯ್ಡ್ ಬೇಡ ಅನ್ನಲಿಲ್ಲ. ಬದಲಿಗೆ ಐದು ಷರತ್ತುಗಳನ್ನು ಹಾಕಿತು. ಗರ್ಭದ ವಾರಗಳು ನಿಖರವಾಗಿ ಗೊತ್ತಿರಬೇಕು. ಹೆರಿಗೆ ಬೇಗ ಆಗುವುದು ಬಹುತೇಕ ಖಚಿತವಿರಬೇಕು. ತಾಯಿಗೆ ಸೋಂಕಿನ ಲಕ್ಷಣ ಇರಬಾರದು. ಹೆರಿಗೆಗೆ ತಕ್ಕ ಆರೈಕೆ ಇರಬೇಕು. ಹುಟ್ಟಿದ ಮಗುವಿಗೆ ಬೆಚ್ಚಗಿನ ವ್ಯವಸ್ಥೆ, ಉಸಿರಾಟದ ನೆರವು, ಆಮ್ಲಜನಕ, ಸೋಂಕಿಗೆ ಚಿಕಿತ್ಸೆ ಸಿಗುವಂತಿರಬೇಕು.

ಇಲ್ಲೊಂದು ಸಂಗತಿ ಗಮನಿಸಿ. ಗ್ರೇಡ್ ಒಂದು ಮದ್ದಿಗೆ ಒಂದೇ ಅಂಕ ಕೊಡುವುದಿಲ್ಲ, ಪ್ರತಿ ಪರಿಣಾಮಕ್ಕೂ ಬೇರೆ ಬೇರೆ ಅಂಕ ಕೊಡುತ್ತದೆ. 2015ರ ಈ ಶಿಫಾರಸಿನಲ್ಲಿ ಮಗುವಿಗೆ ಆಗುವ ಪರಿಣಾಮದ ಪುರಾವೆ ‘ಮಧ್ಯಮ’ವಾಗಿದ್ದರೆ, ತಾಯಿಗೆ ಆಗುವ ಪರಿಣಾಮದ್ದು ‘ಕಡಿಮೆ’ ಆಗಿತ್ತು. ಶಿಫಾರಸು ಬಲವಾದದ್ದೋ ಅಲ್ಲವೋ ಎಂಬುದು ಮತ್ತೊಂದು ಪ್ರಶ್ನೆ. ಅದನ್ನು ಲಾಭ, ಹಾನಿ, ಖರ್ಚು, ಜಾರಿಯ ಸಾಧ್ಯತೆ ತೂಗಿ ನಿರ್ಧರಿಸುತ್ತಾರೆ.

ಮತ್ತೆ ಪರೀಕ್ಷೆ, ಈ ಸಲ ಆಸ್ಪತ್ರೆಯಲ್ಲಿ

ಹಾಗಾದರೆ ಬಡ ದೇಶಗಳಲ್ಲಿ ಈ ಷರತ್ತುಗಳು ಪೂರೈಸಿದರೆ ಮದ್ದು ಕೆಲಸ ಮಾಡುತ್ತದೆಯೇ? ಇದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಹೊಸ ಅಧ್ಯಯನ ನಡೆಸಿತು. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಸಂಶೋಧಕರೂ ಇದರಲ್ಲಿದ್ದರು. ಈ ಸಲ ವಾರಗಳನ್ನು ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಂಡರು. ಅರ್ಧ ಜನರಿಗೆ ಡೆಕ್ಸಾಮೆಥಸೋನ್, ಉಳಿದವರಿಗೆ ಮದ್ದಿಲ್ಲದ ಇಂಜೆಕ್ಷನ್.

2020ರಲ್ಲಿ ಪ್ರಕಟವಾದ ಫಲಿತಾಂಶ: ಮದ್ದು ಸಿಗದ ಗುಂಪಿನಲ್ಲಿ 1000ಕ್ಕೆ 235 ಶಿಶುಗಳು ತೀರಿಕೊಂಡರೆ, ಮದ್ದು ಸಿಕ್ಕ ಗುಂಪಿನಲ್ಲಿ 196. ಸರಿಸುಮಾರು 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಮಗು ಹೆಚ್ಚುವರಿಯಾಗಿ ಉಳಿಯುತ್ತದೆ. ತಾಯಂದಿರ ಸೋಂಕು ಹೆಚ್ಚಲಿಲ್ಲ. ಲಾಭ ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ಅದೇ ವರ್ಷ ಕಾಕ್ರೇನ್ ಸಂಸ್ಥೆ ಇದನ್ನೂ ಸೇರಿಸಿ 27 ಅಧ್ಯಯನಗಳನ್ನು ತೂಗಿದಾಗ, ನವಜಾತ ಶಿಶುಗಳ ಸಾವು ತಗ್ಗುವ ಬಗೆಗಿನ ಖಚಿತತೆ ‘ಹೆಚ್ಚು’ ಎಂಬ ಮೆಟ್ಟಿಲಲ್ಲಿತ್ತು.

ಎರಡು ಫಲಿತಾಂಶಗಳು ಒಂದಕ್ಕೊಂದು ವಿರುದ್ಧವೇ?

ಅಲ್ಲ, ಅವು ಉತ್ತರಿಸಿದ್ದು ಎರಡು ಬೇರೆ ಪ್ರಶ್ನೆಗಳನ್ನು. ಒಂದು, ವಾರ ಖಚಿತವಿಲ್ಲದ, ನವಜಾತ ಶಿಶುವಿನ ಆರೈಕೆ ಕಡಿಮೆಯಿರುವ ಊರುಗಳಲ್ಲಿ ಈ ಮದ್ದನ್ನು ವ್ಯಾಪಕವಾಗಿ ಕೊಟ್ಟರೆ ಏನಾಗುತ್ತದೆ? ಇನ್ನೊಂದು, ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ ಸರಿಯಾದ ತಾಯಿಗೆ ಕೊಟ್ಟರೆ ಏನಾಗುತ್ತದೆ? ಎರಡೂ ಉತ್ತರ ನಿಜ.

ಆದ್ದರಿಂದ ಖಾನಾಪುರದ ಯಾವುದೋ ಹಳ್ಳಿಯ ಗರ್ಭಿಣಿಗೆ ಏಳನೇ ತಿಂಗಳಲ್ಲೇ ನೋವು ಶುರುವಾದರೆ ಮೊದಲ ಕೆಲಸ ಇಂಜೆಕ್ಷನ್ ಹುಡುಕುವುದಲ್ಲ. ಆಶಾ ಅಕ್ಕನಿಗೆ ತಿಳಿಸಿ, 108 ಕರೆದು, ಚಿಕ್ಕ ಮಕ್ಕಳ ಆರೈಕೆಯಿರುವ ಆಸ್ಪತ್ರೆಗೆ ಬೇಗ ತಲುಪುವುದು. ಮೊದಲ ತಿಂಗಳುಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ವರದಿ ಮತ್ತು ತಾಯಿ ಕಾರ್ಡ್ ಜೊತೆಯಲ್ಲಿರಲಿ. ವಾರ ಎಷ್ಟೆಂದು ವೈದ್ಯರಿಗೆ ಅದರಿಂದಲೇ ತಿಳಿಯುವುದು. ಎಲ್ಲ ನೋಡಿ ಅವರು ಸ್ಟೀರಾಯ್ಡ್ ಬೇಕು ಅಂದರೆ ಹೆದರಿ ಬೇಡ ಅನ್ನಬೇಡಿ.

ಮೊದಲು ಹೇಳಿದ ಸಂದೇಶಕ್ಕೆ ಮರಳಿದರೆ, ಅದರಲ್ಲಿ ಬಿಟ್ಟುಹೋದದ್ದು ಎರಡು ಮಾತು: ಆ ಅಧ್ಯಯನಗಳು ಎಂಥ ಜಾಗದಲ್ಲಿ ನಡೆದವು, ಶಿಫಾರಸಿಗೆ ಯಾವ ಷರತ್ತುಗಳಿವೆ. ಅವಿಲ್ಲದೆ ಅದನ್ನು ಮುಂದಕ್ಕೆ ಕಳಿಸಿದರೆ, ಆಸ್ಪತ್ರೆಗೆ ಹೊರಡಬೇಕಾದವರು ‘ಇಂಜೆಕ್ಷನ್ ಆಯಿತಲ್ಲ’ ಎಂದು ಮನೆಯಲ್ಲೇ ಉಳಿಯಬಹುದು.