ಮೂರು ಕೆಲಸ ಬದಲಿಸಿದ್ದನ್ನು ಈಮೇಲ್‌ನಲ್ಲಿ ಹೇಗೆ ಹೇಳುವುದು?

ಎರಡು ವರ್ಷದಲ್ಲಿ ಮೂರು ಕೆಲಸ ಬದಲಿಸಿದವರು ಅರ್ಜಿಯ ಈಮೇಲ್‌ನಲ್ಲಿ ‘ಸಂಬಳ ಸಾಲಲಿಲ್ಲ’, ‘ಮನೆ ಕಡೆ ತೊಂದರೆ’ ಎಂದು ಬರೆಯುತ್ತಾರೆ. ನಿಜವೇ ಇರಬಹುದು. ಆದರೆ ಓದುವವರಿಗೆ ‘ಇವರು ಇಲ್ಲೂ ನಿಲ್ಲುವುದಿಲ್ಲ’ ಅನ್ನಿಸುತ್ತದೆ. ಯಾಕೆ ಬಿಟ್ಟಿರಿ ಅನ್ನುವುದಕ್ಕಿಂತ ಪ್ರತಿ ಕಡೆ ಯಾವ ಹೊಸ ಕೆಲಸ ಕೈಗೆ ಬಂತು ಅನ್ನುವುದನ್ನು ಹೇಳಬೇಕು ಎಂಬುದು ನನ್ನ ವಾದ.

ಬಿಕಾಂ ಓದಿದ ಹುಡುಗಿಯೊಬ್ಬಳು ರೈತ ಉತ್ಪಾದಕ ಕಂಪನಿಯ ಲೆಕ್ಕಿಗಳ ಕೆಲಸಕ್ಕೆ ಬರೆಯುತ್ತಾಳೆ ಅಂದುಕೊಳ್ಳಿ:

“ಹಾಲಿನ ಡೇರಿಯಲ್ಲಿ 7 ತಿಂಗಳು ರೈತರ ದಿನದ ಲೆಕ್ಕ ಬರೆದೆ. ಗೊಬ್ಬರದ ಅಂಗಡಿಯಲ್ಲಿ 9 ತಿಂಗಳು ಟ್ಯಾಲಿಯಲ್ಲಿ ಬಿಲ್ಲು, ಸ್ಟಾಕು ನೋಡಿಕೊಂಡೆ. ಈಗ 8 ತಿಂಗಳಿಂದ ಆಡಿಟರ್ ಕಚೇರಿಯಲ್ಲಿ 12 ಅಂಗಡಿಗಳ ಜಿಎಸ್‌ಟಿ ರಿಟರ್ನ್ ತಯಾರಿಸುತ್ತಿದ್ದೇನೆ. ನಿಮ್ಮಲ್ಲಿ ಈ ಮೂರೂ ಒಂದೇ ಮೇಜಿನ ಮೇಲಿವೆ.”

ಇಲ್ಲಿ ಜವಾಬ್ದಾರಿ ಒಂದೊಂದೇ ಮೆಟ್ಟಿಲು ಏರಿದ್ದು ಕಾಣುತ್ತದೆ. ಕೊನೆಯ ಸಾಲು ಮುಖ್ಯ, ಅದಿಲ್ಲದಿದ್ದರೆ ಇದು ಬರೀ ಪಟ್ಟಿ.

ನಡುವೆ ಮೂರು ತಿಂಗಳು ಬಟ್ಟೆ ಅಂಗಡಿಯಲ್ಲಿದ್ದರೆ? ಅದನ್ನು ಎಳೆದು ತಂದು ‘ಬೆಳವಣಿಗೆ’ಗೆ ಅಂಟಿಸಬೇಡಿ. ‘ಹಬ್ಬದ ಸೀಸನ್ನಿನ ತಾತ್ಕಾಲಿಕ ಕೆಲಸ’ ಅಂದರೆ ಸಾಕು. ತಿಂಗಳುಗಳು ಮಾತ್ರ ರೆಸ್ಯೂಮೆಯಲ್ಲಿ ಇರುವಂತೆಯೇ ಇರಲಿ. ಹಳೆಯ ಮಾಲೀಕರಿಗೆ ಒಂದು ಫೋನ್ ಹೋದರೆ ವ್ಯತ್ಯಾಸ ತಿಳಿದುಬಿಡುತ್ತದೆ.