ಹಲಾಲ್ ಅಂದ್ರೆ ಬರೀ ಮಟನ್ ಅಂಗಡಿ ಬೋರ್ಡಲ್ಲ

‘ಹಲಾಲ್ ಅಂದ್ರೆ ಮಾಂಸದ ವಿಷಯ ಅಲ್ವಾ? ದುಡ್ಡು ಹೇಗೆ ಹಲಾಲ್ ಆಗುತ್ತೆ?’ ಬೆಂಗಳೂರಿನ ಐಎಂಎ ಹಗರಣದ ಹಳೇ ವರದಿ ಓದ್ತಿದ್ದ ಸಹೋದ್ಯೋಗಿ ಕೇಳಿದಳು. ತಪ್ಪು ಅವಳದ್ದಲ್ಲ. 2022ರ ಹೊಸತೊಡಕಿನ ಗಲಾಟೆ ಈ ಪದವನ್ನು ಮಾಂಸದಂಗಡಿಗೇ ಕಟ್ಟಿಹಾಕಿತು.

ಅರಬಿಯಲ್ಲಿ ಹಲಾಲ್ ಅಂದರೆ ಧರ್ಮ ಒಪ್ಪಿದ್ದು, ಹರಾಮ್ ಅಂದರೆ ನಿಷಿದ್ಧ. ಮುಸ್ಲಿಂ ಮನೆಗಳಲ್ಲಿ ಈ ಮಾತು ದುಡಿಮೆಗೂ ಅನ್ವಯಿಸುತ್ತೆ. ಬೆವರು ಸುರಿಸಿ ಗಳಿಸಿದ್ದು ಹಲಾಲ್. ಲಂಚ, ತೂಕದಲ್ಲಿ ಮೋಸ, ಬಡ್ಡಿ ಹರಾಮ್. ಲಂಚದ ದುಡ್ಡಲ್ಲಿ ತಂದ ಕೋಳಿಯನ್ನು ಎಷ್ಟೇ ಕ್ರಮವಾಗಿ ಕೊಯ್ದರೂ ಗಳಿಕೆಯ ಕಳಂಕ ಹೋಗಲ್ಲ.

‘ಬಡ್ಡಿ ಯಾಕೆ ಹರಾಮ್?’ ಅಂದಳು. ಸಾಲ ಪಡೆದವನು ಮುಳುಗಿದರೂ ಕೊಟ್ಟವನಿಗೆ ಅಸಲಿನ ಮೇಲೆ ಹೆಚ್ಚುವರಿ ಹಣ ಬರಲೇಬೇಕು, ಅದಕ್ಕೆ. ಪಾಲುದಾರಿಕೆ ಹಾಗಲ್ಲ. ನಾನು ನಿನ್ನ ಅಂಗಡಿಗೆ 1 ಲಕ್ಷ ಹಾಕಿದರೆ ಲಾಭದಲ್ಲಿ ಒಪ್ಪಿದ ಪಾಲು ನನ್ನದು. ನಷ್ಟವಾದರೆ ನನ್ನ ದುಡ್ಡೂ ಕರಗುತ್ತೆ.

ಐಎಂಎ ಮಾರಿದ್ದು ಈ ನಂಬಿಕೆಯನ್ನೇ. ಬಡ್ಡಿ ಬೇಡವೆಂದು ಬ್ಯಾಂಕಿನಿಂದ ದೂರವಿದ್ದವರು ‘ಹಲಾಲ್ ಹೂಡಿಕೆ’ ಎಂದು ಉಳಿತಾಯ ಸುರಿದರು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟ. ಹೊಸಬರ ಹಣದಿಂದಲೇ ಹಳಬರಿಗೆ ಕೊಡಲಾಗುತ್ತಿತ್ತು ಎಂಬುದು ಆರೋಪ.

ಹಾಗಾದರೆ ಗುರುತಿಸೋದು ಹೇಗೆ? ಲಾಭ ಯಾವ ವ್ಯಾಪಾರದಿಂದ ಬಂತು ಅಂತ ಲೆಕ್ಕ ಕೇಳಿ. ನಷ್ಟವೇ ಕಾಣದ ‘ಪಾಲುದಾರಿಕೆ’ ಇದ್ದರೆ ಅನುಮಾನಿಸಿ. ಮೋಸದಿಂದ ಬಂದ ದುಡ್ಡಿಗೆ ಯಾವ ಬೋರ್ಡ್ ಹಾಕಿದರೂ ಅದು ಹರಾಮೇ.